ಸ್ಕೋರ್ 78 ಬಂದಿದೆ, ಹುಡುಗಿ ‘ನಾನೇ ಬರೆದಿದ್ದು’ ಅಂತಾಳೆ: ಯಾವುದಕ್ಕೆ ಎಷ್ಟು ತೂಕ?

ಪ್ರಶ್ನೆ: ನಾನು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಎರಡನೇ ಸೆಮಿಸ್ಟರ್ ಬಿ.ಕಾಂ. ಹುಡುಗಿಯೊಬ್ಬಳು ‘ಸಣ್ಣ ಅಂಗಡಿಗಳಲ್ಲಿ ಯುಪಿಐ’ ಅಂತ 1,100 ಪದಗಳ ಅಸೈನ್‌ಮೆಂಟ್ ಕೊಟ್ಟಿದ್ದಾಳೆ. ನಕಲು, ಎಐ ಬರಹ ಹಿಡಿಯುವ ಟರ್ನಿಟಿನ್ ಸಾಫ್ಟ್‌ವೇರಿನಲ್ಲಿ ಎಐ ಸ್ಕೋರ್ 78 ಬಂದಿದೆ. ಅವಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಟರ್ನಲ್ಸ್ ಪೇಪರಿನಲ್ಲಿ ಅವಳ ಇಂಗ್ಲಿಷ್ ಇಷ್ಟು ನಯವಾಗಿರಲಿಲ್ಲ. ಕೇಳಿದರೆ ‘ನಾನೇ ಬರೆದಿದ್ದು ಸರ್’ ಅಂತಾಳೆ. ಗೂಗಲ್ ಡಾಕ್ಸ್ ಲಿಂಕ್ ಕೊಟ್ಟಿದ್ದಾಳೆ. ಅದರಲ್ಲಿ ಸುಮಾರು 340 ಪದ ಒಂದು ಸಲ, 260 ಪದ ಇನ್ನೊಂದು ಸಲ ಪೇಸ್ಟ್ ಆದಂತಿದೆ. ಉಳಿದದ್ದು ಟೈಪ್ ಮಾಡಿದ್ದು. ಸ್ಕೋರ್, ಹಳೆ ಬರಹ, ಡಾಕ್ಸ್‌ನ ಡ್ರಾಫ್ಟ್ ಹಿಸ್ಟರಿ, ಈ ಮೂರರಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಡಲಿ?

ಉತ್ತರ:

ಸರ್, ಜಾಸ್ತಿ ತೂಕ ಡ್ರಾಫ್ಟ್ ಹಿಸ್ಟರಿಗೆ. ಅದಕ್ಕಿಂತ ಕಡಿಮೆ ಹಳೆ ಬರಹಕ್ಕೆ. ಸ್ಕೋರಿಗೆ ಎಲ್ಲಕ್ಕಿಂತ ಕಡಿಮೆ. ಈ ಫೈಲನ್ನು ತೆರೆದು ನೋಡಬೇಕು ಅಂತ ನಿಮಗೆ ಅನ್ನಿಸುವಂತೆ ಮಾಡಿತಲ್ಲ, ಅಲ್ಲಿಗೆ ಸ್ಕೋರಿನ ಕೆಲಸ ಹೆಚ್ಚೂಕಡಿಮೆ ಮುಗಿಯಿತು. ಆದರೆ ನಿಮ್ಮ ಹತ್ತಿರ ಇರುವ ಅಂಕಿಗಳಿಂದ ಇನ್ನೂ ಒಂದು ಉಪಯೋಗದ ಕೆಲಸ ತೆಗೆಯಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 78 ಅಂದರೆ ಏನು ಅನ್ನುವುದು ಸ್ಪಷ್ಟವಾಗಲಿ. ಈ ಬರಹ ಎಐನದ್ದು ಅನ್ನಲು ನೂರಕ್ಕೆ 78 ಸಾಧ್ಯತೆ ಇದೆ ಅಂತ ಅದರ ಅರ್ಥ ಅಲ್ಲ. ಬಹಳ ಜನ ಹಾಗೇ ಓದುತ್ತಾರೆ. ಟರ್ನಿಟಿನ್ ಬರಹವನ್ನು ತುಂಡು ಮಾಡಿ, ವಾಕ್ಯವಾಕ್ಯಕ್ಕೂ ಒಂದು ಅಂದಾಜು ಹಾಕುತ್ತದೆ. ಪರೀಕ್ಷೆಗೆ ತೆಗೆದುಕೊಂಡ ಭಾಗದಲ್ಲಿ ಶೇ. 78ರಷ್ಟು ಎಐ ಬರೆದಂತಿದೆ ಅಂತ ಅದು ಹೇಳುತ್ತಿದೆ, ಅಷ್ಟೇ. ಆ ಅಂದಾಜು ಎಷ್ಟು ನಂಬಬಹುದು ಅನ್ನುವುದು ಆ ಅಂಕಿಯಲ್ಲಿ ಇಲ್ಲ. ಒಂದರಿಂದ 19ರವರೆಗಿನ ಸ್ಕೋರನ್ನು ಆ ಕಂಪನಿಯೇ ಅಂಕಿಯಾಗಿ ತೋರಿಸುವುದಿಲ್ಲ, `*%` ಅಂತ ನಕ್ಷತ್ರ ಚಿಹ್ನೆ ಹಾಕಿ ಬಿಡುತ್ತದೆ. ಅಲ್ಲಿ ತಪ್ಪು ಜಾಸ್ತಿ ಅಂತ ಅವರಿಗೇ ಗೊತ್ತು. ಬರಹ 300 ಪದಕ್ಕಿಂತ ಕಡಿಮೆ ಇದ್ದರೆ ಸ್ಕೋರೇ ಕೊಡುವುದಿಲ್ಲ.

ಇನ್ನು ಈ ಡಿಟೆಕ್ಟರುಗಳು ಹಿಡಿಯುವುದಾದರೂ ಏನನ್ನು? ಮುಂದಿನ ಪದ ಏನಿರಬಹುದು ಅಂತ ಎಷ್ಟು ಸುಲಭವಾಗಿ ಊಹಿಸಬಹುದು ಅನ್ನುವುದನ್ನು. ಪದಗಳು ಊಹಿಸಿದಂತೆಯೇ ಬರುತ್ತಾ ಹೋದರೆ, ವಾಕ್ಯಗಳೆಲ್ಲ ಒಂದೇ ಉದ್ದ ಇದ್ದರೆ ಅನುಮಾನ ಏರುತ್ತದೆ. ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಿತವರು ಬರೆಯುವುದೂ ಹೀಗೇ ಅಲ್ವಾ? ಗೊತ್ತಿರುವ ಪದ, ಕಲಿತ ವಾಕ್ಯದ ಚೌಕಟ್ಟು, ‘ಮೊದಲನೆಯದಾಗಿ, ಎರಡನೆಯದಾಗಿ, ಕೊನೆಯಲ್ಲಿ’ ಅನ್ನುವ ಕ್ರಮ. ಪಿಯುಸಿ ಗೈಡ್ ಓದಿ ಪ್ರಬಂಧ ಕಲಿತ ನಮ್ಮ ಮಕ್ಕಳ ಇಂಗ್ಲಿಷ್ ನೆನಪಿಸಿಕೊಳ್ಳಿ.

2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರುಗಳಿಗೆ ಕೊಟ್ಟರು. ಮನುಷ್ಯರೇ ಬರೆದ ಈ ಪ್ರಬಂಧಗಳಲ್ಲಿ ಸರಾಸರಿ ಶೇ. 61ರಷ್ಟನ್ನು ಎಐ ಅಂತ ಕರೆದವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳಲ್ಲಿ ಇಂಥ ತಪ್ಪು ತೀರಾ ಕಡಿಮೆ. ಆಮೇಲೆ ಆ ಟೋಫೆಲ್ ಪ್ರಬಂಧಗಳನ್ನೇ ಚಾಟ್‌ಜಿಪಿಟಿಗೆ ಕೊಟ್ಟು, ಇಂಗ್ಲಿಷ್ ಮನೆಮಾತಿನವರು ಬಳಸುವಂಥ ಪದ ಹಾಕಿಸಿದರು. ತಪ್ಪಾಗಿ ಎಐ ಅನ್ನಿಸಿಕೊಂಡವು ಸುಮಾರು ಶೇ. 12ಕ್ಕೆ ಇಳಿದವು. ಸ್ವಂತವಾಗಿ ಬರೆದವರು ಸಿಕ್ಕಿಬಿದ್ದರು, ಎಐ ಕೈಯಲ್ಲಿ ತಿದ್ದಿಸಿದ ಪ್ರತಿ ಪಾರಾಯಿತು! ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಆ ಏಳರಲ್ಲಿ ಟರ್ನಿಟಿನ್ ಇರಲಿಲ್ಲ, ಮತ್ತು ಆ ಪ್ರಬಂಧಗಳು ಚಿಕ್ಕವು. ಹಾಗಾಗಿ 61 ಅನ್ನುವ ಅಂಕಿಯನ್ನು ನಿಮ್ಮ ಹುಡುಗಿಗೆ ನೇರವಾಗಿ ಹಚ್ಚಬೇಡಿ. ತಪ್ಪು ಯಾವ ಕಡೆ ವಾಲುತ್ತದೆ ಅನ್ನುವುದನ್ನು ಮಾತ್ರ ನೆನಪಿಡಿ.

ಆ ವಾಲುವಿಕೆಯಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಒಂದು ಊಹೆಯ ಲೆಕ್ಕದಲ್ಲಿ ನೋಡೋಣ. ಕ್ಲಾಸಿನಲ್ಲಿ 60 ಜನ. ಅವರಲ್ಲಿ 10 ಮಂದಿ ನಿಜವಾಗಿ ಎಐ ಬಳಸಿದ್ದಾರೆ, ಅವರಲ್ಲಿ 8 ಮಂದಿಯನ್ನು ಡಿಟೆಕ್ಟರ್ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಬಳಸದ 50 ಮಂದಿಯಲ್ಲಿ ನೂರಕ್ಕೆ ನಾಲ್ಕರಂತೆ ತಪ್ಪಾದರೆ 2 ಮಂದಿ ಸುಮ್ನೆ ಸಿಕ್ಕಿಬೀಳುತ್ತಾರೆ. ಸಿಕ್ಕ ಹತ್ತರಲ್ಲಿ ಎಂಟು ಸರಿ. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ನಿಮ್ಮ ಕ್ಲಾಸಿನ ಇಂಗ್ಲಿಷಿಗೆ ಆ ತಪ್ಪು ನೂರಕ್ಕೆ ಇಪ್ಪತ್ತು ಆದರೆ? ಆಗ 10 ಮಂದಿ ನಿರಪರಾಧಿಗಳು. ಸಿಕ್ಕ 18ರಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು. ಸ್ಕೋರ್ ಎರಡೂ ಕಡೆ ಅದೇ. ಅದರ ಬೆಲೆ ಮಾತ್ರ ಎಲ್ಲಿಂದ ಎಲ್ಲಿಗೆ ಬಿತ್ತು ನೋಡಿ. ನಿಮ್ಮ ಕ್ಲಾಸಿಗೆ ಆ ತಪ್ಪಿನ ಪ್ರಮಾಣ ಎಷ್ಟು ಅಂತ ಯಾರೂ ಅಳೆದಿಲ್ಲ. ಅದಕ್ಕೇ ಸ್ಕೋರಿಗೆ ಕಡಿಮೆ ತೂಕ ಅಂದದ್ದು.

ಈಗ ನಿಮ್ಮ ಅಂಕಿಗಳಿಗೆ ಬರೋಣ. 1,100 ಪದಗಳಲ್ಲಿ ಶೇ. 78 ಅಂದರೆ ಸುಮಾರು 858 ಪದ. ಪೇಸ್ಟ್ ಆದದ್ದು ಎರಡೂ ಸೇರಿ 600. ಎಐ ಅನ್ನಿಸಿದ ಭಾಗಕ್ಕೆ ರಿಪೋರ್ಟಿನಲ್ಲಿ ಬಣ್ಣ ಹಚ್ಚಿರುತ್ತದೆ. ಆ 600 ಪದಗಳೂ ಪೂರ್ತಿ ಬಣ್ಣದಲ್ಲಿ ಇವೆ ಅಂತಲೇ ಒಪ್ಪಿಕೊಳ್ಳೋಣ. ಆದರೂ ಇನ್ನೂ 258 ಪದ ಉಳಿಯುತ್ತದೆ. ಅಂದರೆ ಅವಳು ಆ ಡಾಕ್ಯುಮೆಂಟಿನಲ್ಲಿ ಟೈಪ್ ಮಾಡಿದ 500 ಪದಗಳಲ್ಲಿ ಕಡಿಮೆ ಅಂದರೂ ಅರ್ಧಕ್ಕೆ ಡಿಟೆಕ್ಟರ್ ಬಣ್ಣ ಹಚ್ಚಿದೆ. ಆಕರಗಳ ಪಟ್ಟಿ, ಟೇಬಲ್‌ನಂಥವನ್ನು ಡಿಟೆಕ್ಟರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಅಂಕಿ ಸ್ವಲ್ಪ ಅತ್ತಿತ್ತ ಆಗಬಹುದು, ಆದರೆ ವಿಷಯ ಬದಲಾಗುವುದಿಲ್ಲ.

ನೀವು ಮೊದಲು ನೋಡಬೇಕಾದದ್ದು ಈ 258 ಪದಗಳನ್ನೇ, ಪೇಸ್ಟನ್ನಲ್ಲ. ರಿಪೋರ್ಟಿನಲ್ಲಿ ಬಣ್ಣ ಹಚ್ಚಿದ ಪ್ರತಿಯನ್ನು ಒಂದು ಕಡೆ ತೆರೆಯಿರಿ, ಡಾಕ್ಸ್ ಹಿಸ್ಟರಿಯನ್ನು ಇನ್ನೊಂದು ಕಡೆ. ಟೈಪ್ ಮಾಡಿದ್ದರೂ ಬಣ್ಣ ಬಂದ ಪ್ಯಾರಾಗಳನ್ನು ಗುರುತಿಸಿ. ಅವು ಹೇಗೆ ಹುಟ್ಟಿದವು ಅಂತ ಹಿಸ್ಟರಿಯಲ್ಲಿ ನೋಡಿ. ವಾಕ್ಯ ಅರ್ಧಕ್ಕೆ ನಿಂತು, ಅಳಿಸಿ, ಬೇರೆ ಥರ ಬಂದಿದೆಯೇ? ಒಂದು ಉದಾಹರಣೆ ಮೇಲಿಂದ ಕೆಳಕ್ಕೆ ಹೋಗಿದೆಯೇ? ಮೊದಲ ದಿನ ತಪ್ಪಾಗಿ ಬರೆದ ಪದ ಎರಡನೇ ದಿನ ಸರಿಯಾಗಿದೆಯೇ? ಹೀಗೆಲ್ಲ ಇದ್ದರೆ ಆ ಭಾಗ ಅವಳದ್ದೇ. ಅವಳ ಸ್ವಂತ ಬರಹವನ್ನೇ ಡಿಟೆಕ್ಟರ್ ಎಐ ಅಂದಿದೆ ಅಂತಾಯಿತು. ಒಮ್ಮೆ ಇದು ಕಂಡರೆ, ಪೇಸ್ಟ್ ಆದ ಭಾಗದ ಮೇಲಿನ ಬಣ್ಣಕ್ಕೂ ಬೆಲೆ ಇಳಿಯುತ್ತದೆ. ಈ ಹುಡುಗಿಯ ಬರಹದ ವಿಷಯದಲ್ಲಿ ಅದು ತಪ್ಪುತ್ತದೆ ಅಂತ ಅದೇ ಫೈಲ್ ತೋರಿಸಿಬಿಟ್ಟಿತು.

ಹಿಸ್ಟರಿ ಬೇರೆ ಥರವೂ ಇರಬಹುದು. ಆ 500 ಪದ ಹದಿನಾಲ್ಕು ನಿಮಿಷದಲ್ಲಿ, ಮೇಲಿಂದ ಕೆಳಗೆ, ಒಂದೂ ವಾಕ್ಯ ಅಳಿಸದೆ ಬಂದಿದೆ ಅನ್ನಿ. ನಿಮಿಷಕ್ಕೆ ಸುಮಾರು 36 ಪದ. ಅದು ಯೋಚಿಸುತ್ತಾ ಬರೆಯುವವರ ವೇಗ ಅಲ್ಲ, ಎದುರಿಗಿರುವುದನ್ನು ನೋಡಿಕೊಂಡು ಟೈಪ್ ಮಾಡುವವರ ವೇಗ. ಆದರೆ ಎದುರಿಗೆ ಏನಿತ್ತು ಅಂತ ಹಿಸ್ಟರಿ ಹೇಳುವುದಿಲ್ಲ. ಚಾಟ್‌ಜಿಪಿಟಿ ಪರದೆ ಇರಬಹುದು, ಅವಳದ್ದೇ ರಫ್ ನೋಟ್‌ಬುಕ್ ಇರಬಹುದು. ನೋಟ್‌ಬುಕ್ ಆಗಿದ್ದರೆ ಅದನ್ನು ತೋರಿಸಬಲ್ಲಳು. ಕೇಳಿ.

ಪೇಸ್ಟ್ ಆದ 600 ಪದಗಳಿಗೂ ಇದೇ ಮಾತು. ಪೇಸ್ಟ್ ಅಂದರೆ ಬೇರೆ ಕಡೆಯಿಂದ ಬಂತು ಅಂತ ಅರ್ಥ, ಕದ್ದದ್ದು ಅಂತಲ್ಲ. ನಮ್ಮ ಮಕ್ಕಳು ಫೋನಿನ ನೋಟ್ಸ್‌ನಲ್ಲಿ ಬರೆದು, ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡು, ಕಾಲೇಜಿನ ಕಂಪ್ಯೂಟರಿನಲ್ಲಿ ಪೇಸ್ಟ್ ಮಾಡುವುದುಂಟು. ಕನ್ನಡದಲ್ಲಿ ಬರೆದು ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ಇಂಗ್ಲಿಷ್ ಮಾಡಿಕೊಳ್ಳುವುದೂ ಉಂಟು. ನೆಟ್ ಇಲ್ಲದಾಗ ಫೋನಿನ ಡಾಕ್ಸ್‌ನಲ್ಲಿ ಬರೆದದ್ದು ನೆಟ್ ಬಂದಾಗ ಒಟ್ಟಿಗೆ ಸೇರಿಕೊಂಡು ಪೇಸ್ಟ್‌ನಂತೆ ಕಾಣಬಹುದು. ಇವೆಲ್ಲಕ್ಕೂ ಸಾಮಾನ್ಯವಾಗಿ ಒಂದು ಗುರುತು ಉಳಿದಿರುತ್ತದೆ. ವಾಟ್ಸ್ಆ್ಯಪ್ ಮೆಸೇಜಿಗೆ ತಾರೀಖು, ಟೈಮು ಇರುತ್ತದೆ. ನೋಟ್ಸ್‌ನಲ್ಲಿ ಮೂಲ ಬರಹ ಇರುತ್ತದೆ. ಅವಳಾಗಿ ತೋರಿಸಿದರೆ ನೋಡಿ. ಫೋನ್ ಕಿತ್ತುಕೊಂಡು ಹುಡುಕಲು ಹೋಗಬೇಡಿ.

ಪೇಸ್ಟ್ ಆದ ಮೇಲೆ ಏನಾಯಿತು ಅನ್ನುವುದನ್ನೂ ನೋಡಿ. ಅದೇ ರೂಪದಲ್ಲಿ ಕೊನೆಯವರೆಗೆ ಉಳಿದಿದ್ದರೆ ಒಂದು ಕಥೆ. ಪೇಸ್ಟ್ ಆದ 340 ಪದದಲ್ಲಿ ಮಾರನೇ ದಿನ ಎರಡು ವಾಕ್ಯ ಹೋಗಿ, ತಮ್ಮ ಬೀದಿಯ ಅಂಗಡಿಯವನ ಮಾತೊಂದು ಸೇರಿದ್ದರೆ ಇನ್ನೊಂದು ಕಥೆ.

ಹಿಸ್ಟರಿ ತೆರೆಯುವ ವಿಷಯದಲ್ಲಿ ಒಂದಿಷ್ಟು ಎಚ್ಚರ ಬೇಕು. ನಿಮಗೆ ಎಡಿಟ್ ಮಾಡುವ ಅನುಮತಿ ಇದ್ದರೆ ಮಾತ್ರ `File > Version history > See version history` ಕೆಲಸ ಮಾಡುತ್ತದೆ. ಬಲಗಡೆ ತಾರೀಖುಗಳ ಪಟ್ಟಿ ಬರುತ್ತದೆ. ಅಲ್ಲಿಗೇ ನಿಲ್ಲಬೇಡಿ. ತಾರೀಖಿನ ಪಕ್ಕದ ಬಾಣ ಒತ್ತಿ, ಒಳಗಿನ ಸಣ್ಣ ಸಣ್ಣ ಆವೃತ್ತಿಗಳನ್ನು ಬಿಡಿಸಿ. ಮೇಲಿನ ಹಂತದಲ್ಲಿ ಇಡೀ ಸಂಜೆಯ ಕೆಲಸ ಒಂದೇ ಗುಂಪಾಗಿ ಕಾಣಬಹುದು. ಅದನ್ನೇ ಪೇಸ್ಟ್ ಅಂತ ತಿಳಿದವರನ್ನು ನಾನು ನೋಡಿದ್ದೇನೆ. ನಿಮ್ಮ ಆ 340, 260 ನಿಜವಾಗಿಯೂ ಒಂದೇ ಸಲ ಬಂದವೇ ಅಂತ ಹೀಗೆ ಬಿಡಿಸಿ ಖಚಿತ ಮಾಡಿಕೊಳ್ಳಿ. ಅನುಮಾನ ಉಳಿದರೆ ಕ್ರೋಮ್‌ನಲ್ಲಿ ಡ್ರಾಫ್ಟ್‌ಬ್ಯಾಕ್ ಅನ್ನುವ ಎಕ್ಸ್‌ಟೆನ್ಷನ್ ಇದೆ, ಬರೆದ ಕ್ರಮವನ್ನು ವಿಡಿಯೋದಂತೆ ಓಡಿಸಿ ತೋರಿಸುತ್ತದೆ. `Make a copy` ಮಾಡಿದ ಫೈಲಿನಲ್ಲಿ ಹಳೆ ಹಿಸ್ಟರಿ ಇರುವುದಿಲ್ಲ, ಆದ್ದರಿಂದ ಮೂಲ ಫೈಲನ್ನೇ ಕೇಳಿ. ಹಿಸ್ಟರಿಯನ್ನು ನಾಟಕವಾಡಿ ಸೃಷ್ಟಿಸಲೂ ಸಾಧ್ಯ. ನಿಧಾನವಾಗಿ ಟೈಪ್ ಆದಂತೆ ತೋರಿಸುವ ಉಪಕರಣಗಳು ಬಂದಿವೆ. ಆದರೆ ಅಕ್ಷರ ತಪ್ಪಿ ತಿದ್ದಿದಂತೆ ತೋರಿಸುವುದು ಸುಲಭ. ಒಂದು ವಾದವನ್ನೇ ಬಿಟ್ಟು ಇನ್ನೊಂದನ್ನು ಹಿಡಿದ ಹಾದಿಯನ್ನು ಕಟ್ಟುವುದು ಕಷ್ಟ.

ಇನ್ನು ಹಳೆ ಬರಹ. ಮೇಷ್ಟ್ರುಗಳು ಜಾಸ್ತಿ ಎಡವುವುದು ಇಲ್ಲೇ. ಇಂಟರ್ನಲ್ಸ್ ಪೇಪರ್ ಅಂದರೆ ಗಡಿಯಾರ ನೋಡಿಕೊಂಡು ಕೈಯಲ್ಲಿ ಬರೆದದ್ದು. ಅಸೈನ್‌ಮೆಂಟ್ ಅಂದರೆ ದಿನಗಟ್ಟಲೆ ಸಮಯ, ಡಿಕ್ಷನರಿ, ಸ್ಪೆಲ್‌ಚೆಕ್, ಅಕ್ಕನೋ ಸ್ನೇಹಿತೆಯೋ ಓದಿ ಹೇಳಿದ್ದು. ಎರಡರ ನಯ ಒಂದೇ ಇರಬೇಕು ಅಂತ ನಿರೀಕ್ಷಿಸುವುದೇ ತಪ್ಪು. ಹೋಲಿಸುವುದಾದರೆ ಅದೇ ಬಗೆಯದನ್ನು ಹುಡುಕಿ: ಹಿಂದಿನ ಸೆಮಿಸ್ಟರಿನ ಮನೆಯಲ್ಲಿ ಬರೆದ ಅಸೈನ್‌ಮೆಂಟ್, ಬೇರೆ ವಿಷಯದ ಮೇಷ್ಟ್ರಿಗೆ ಕೊಟ್ಟ ಪ್ರಾಜೆಕ್ಟ್.

ಹೋಲಿಸುವಾಗ ವ್ಯಾಕರಣದ ತಪ್ಪನ್ನು ಬದಿಗಿಡಿ. ‘ಈಸ್ ಹ್ಯಾವಿಂಗ್’, ಒತ್ತು ಕೊಡಲು ಕೊನೆಯಲ್ಲಿ ‘ಓನ್ಲಿ’, ಬಿಟ್ಟುಹೋದ ‘ದ’. ಇವನ್ನೆಲ್ಲ ಗ್ರಾಮರ್ಲಿ ಒಂದು ಕ್ಲಿಕ್ಕಿಗೆ ಅಳಿಸುತ್ತದೆ. ಅದಕ್ಕಿಂತ ಒಳಗಿನದ್ದು ನೋಡಿ. ಅವಳು ಪ್ಯಾರಾವನ್ನು ಉದಾಹರಣೆಯಿಂದ ಶುರು ಮಾಡುತ್ತಾಳೋ, ವ್ಯಾಖ್ಯೆಯಿಂದಲೋ? ಕಾರಣ ಮೊದಲು ಹೇಳುತ್ತಾಳೋ, ಆಮೇಲೋ? ಯಾವ ವಿಷಯ ಅವಳಿಗೆ ಗೊಂದಲ? ಹಳೆ ಪೇಪರಿನಲ್ಲಿ ‘ಡೆಬಿಟ್’ ಪದವನ್ನು ತಪ್ಪು ಅರ್ಥದಲ್ಲಿ ಬಳಸಿದ್ದವಳು ಇಲ್ಲೂ ಹಾಗೇ ಬಳಸಿದ್ದರೆ, ಭಾಷೆ ಎಷ್ಟು ನಯವಿದ್ದರೂ ಯೋಚನೆ ಅವಳದ್ದೇ ಅನ್ನಲು ಅದೊಂದು ಒಳ್ಳೆಯ ಸುಳಿವು. ಆದರೆ ಒಂದೆರಡು ಪುಟದಿಂದ ಶೈಲಿಯನ್ನು ಖಚಿತವಾಗಿ ಹೇಳಲು ಬರುವುದಿಲ್ಲ. ಶೈಲಿಯ ಲೆಕ್ಕ ಹಾಕುವವರು ಸಾವಿರಾರು ಪದಗಳ ಮಾದರಿ ಕೇಳುತ್ತಾರೆ. ಇಂಟರ್ನಲ್ಸ್‌ನಲ್ಲಿ ಅಷ್ಟು ಎಲ್ಲಿ ಸಿಗಬೇಕು?

ಹಳೆ ಬರಹದಿಂದ ಇನ್ನೊಂದು ಉಪಯೋಗ ಇದೆ, ಇದನ್ನು ಮಾಡುವವರು ಕಡಿಮೆ. ಅವಳೇ ಬರೆದದ್ದು ಅಂತ ನಿಮಗೆ ಖಚಿತ ಇರುವ, ಕ್ಲಾಸಿನಲ್ಲಿ ನಿಮ್ಮ ಕಣ್ಣೆದುರು ಬರೆದ ಉತ್ತರಗಳನ್ನು ಟೈಪ್ ಮಾಡಿ ಅದೇ ಡಿಟೆಕ್ಟರಿಗೆ ಕೊಡಿ. 300 ಪದ ದಾಟಬೇಕಾದ್ದರಿಂದ ಎರಡು ಮೂರು ಉತ್ತರ ಸೇರಿಸಬೇಕಾದೀತು. ಟರ್ನಿಟಿನ್‌ನಲ್ಲಿ ಅದು ಸಂಗ್ರಹಕ್ಕೆ ಸೇರದಂತೆ ಸೆಟ್ಟಿಂಗ್‌ನಲ್ಲಿ `no repository` ಆರಿಸಿ, ಇಲ್ಲದಿದ್ದರೆ ಮುಂದೆ ಅವಳ ಬರಹವೇ ನಕಲು ಅಂತ ತೋರಿಸೀತು. ಇದರಲ್ಲಿ 50, 60 ಬಂದರೆ ಮಾತೇ ಬೇಡ, ಈ ಹುಡುಗಿಯ ವಿಷಯದಲ್ಲಿ ಆ ಸ್ಕೋರನ್ನು ಪಕ್ಕಕ್ಕಿಡಿ. ಆದರೆ ಸೊನ್ನೆ ಬಂದರೆ ‘ನೋಡಿ, ಅವಳ ನಿಜವಾದ ಬರಹಕ್ಕೆ ಸೊನ್ನೆ’ ಅಂತ ಹಿಗ್ಗಬೇಡಿ. ಕೈಬರಹದ ಉತ್ತರದಲ್ಲಿ ಸ್ಪೆಲ್ಲಿಂಗ್ ತಪ್ಪು, ಅರ್ಧ ವಾಕ್ಯ ಇರುತ್ತವೆ. ಮುಂದಿನ ಪದ ಊಹಿಸುವುದನ್ನು ಅವೇ ಕಷ್ಟ ಮಾಡುತ್ತವೆ, ಅದಕ್ಕೇ ಸ್ಕೋರ್ ಇಳಿಯುತ್ತದೆ. ಜಾಸ್ತಿ ಸ್ಕೋರ್ ಅವಳ ಪರವಾಗಿ ಬಲವಾದ ಸಾಕ್ಷಿ. ಕಡಿಮೆ ಸ್ಕೋರ್ ಅವಳ ವಿರುದ್ಧ ದುರ್ಬಲ ಸಾಕ್ಷಿ. ಎರಡೂ ಸಮ ಅಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಸ್ವಲ್ಪ ಕಳವಳ ಹುಟ್ಟಿಸಿದ್ದು ಬೇರೆ. ‘ಸ್ಕೋರ್ 78, ಅದರ ಮೇಲೆ ಹಳೆ ಬರಹಕ್ಕಿಂತ ನಯ’ ಅಂತ ಎರಡು ಸಾಕ್ಷಿಗಳಂತೆ ಎಣಿಸುವ ಹಾದಿಯಲ್ಲಿ ನೀವಿದ್ದೀರಿ ಅನ್ನಿಸುತ್ತದೆ. ಅವು ಎರಡಲ್ಲ, ಹೆಚ್ಚಿನ ಪಾಲು ಒಂದೇ. ಡಿಟೆಕ್ಟರಿಗೆ ಕಂಡದ್ದೂ ನಯ, ನಿಮಗೆ ಕಂಡದ್ದೂ ನಯ. ಗ್ರಾಮರ್ಲಿಯಲ್ಲಿ ತಿದ್ದಿಸಿದರೂ ಎರಡೂ ಏರಬಹುದು, ಟ್ರಾನ್ಸ್‌ಲೇಟ್ ಮಾಡಿದರೂ ಎರಡೂ ಏರಬಹುದು, ಚಾಟ್‌ಜಿಪಿಟಿ ಬರೆದರೂ ಎರಡೂ ಏರುತ್ತವೆ. ಒಂದೇ ಘಟನೆಯನ್ನು ಇಬ್ಬರು ಬೇರೆ ಬೇರೆ ಕಡೆಯಿಂದ ನೋಡಿದರೆ ಇಬ್ಬರು ಸಾಕ್ಷಿಗಳು. ಒಬ್ಬನ ಮಾತು ಕೇಳಿ ಇನ್ನೊಬ್ಬ ಹೇಳಿದರೆ ಒಬ್ಬನೇ. ಈ ಮೂರರಲ್ಲಿ ನಯದ ಮೇಲೆ ನಿಂತಿರದ ಸಾಕ್ಷಿ ಡ್ರಾಫ್ಟ್ ಹಿಸ್ಟರಿ ಒಂದೇ. ಅದು ಬರಹ ಹೇಗಿದೆ ಅಂತ ಹೇಳುವುದಿಲ್ಲ, ಯಾವಾಗ ಹೇಗೆ ಬಂತು ಅಂತ ಹೇಳುತ್ತದೆ. ಅದಕ್ಕೆ ಜಾಸ್ತಿ ತೂಕ ಕೊಡಲು ಕಾರಣ ಇದೇ.

ಇಷ್ಟಾದ ಮೇಲೆ ಅವಳನ್ನು ಕೂರಿಸಿ ಮಾತಾಡಿ. ಹತ್ತು ಹದಿನೈದು ನಿಮಿಷ ಸಾಕು. ಎಚ್‌ಒಡಿ ಮುಂದೆ ನಿಲ್ಲಿಸಬೇಡಿ, ಹೆದರಿದವರು ತಾವು ಬರೆದದ್ದನ್ನೂ ಮರೆಯುತ್ತಾರೆ. ಕನ್ನಡದಲ್ಲಿ ಮಾತಾಡಲು ಬಿಡಿ. ನೀವು ಪರೀಕ್ಷಿಸುತ್ತಿರುವುದು ವಿಷಯ ಅವಳದ್ದೇ ಅನ್ನುವುದನ್ನು, ಅವಳ ಸ್ಪೋಕನ್ ಇಂಗ್ಲಿಷನ್ನಲ್ಲ. ‘ಈ ಪದದ ಅರ್ಥ ಹೇಳು’ ಅನ್ನುವ ಪ್ರಶ್ನೆಯಿಂದ ಉಪಯೋಗ ಕಡಿಮೆ, ಡಿಕ್ಷನರಿಯಿಂದ ತೆಗೆದ ಪದ ವಾರಕ್ಕೇ ಮರೆತುಹೋಗುತ್ತದೆ. ಹೀಗೆ ಕೇಳಿ: ಈ ಪ್ಯಾರಾದಲ್ಲಿ ಅಂಗಡಿಯವರಿಗೆ ಹಣ ತಡವಾಗಿ ಬರುತ್ತದೆ ಅಂದಿದ್ದೀಯಲ್ಲ, ಯಾವ ಅಂಗಡಿ, ಅವರು ಏನಂದರು? ಇಲ್ಲಿ ಒಂದು ವಾಕ್ಯ ಅಳಿಸಿದ್ದೀಯ, ಯಾಕೆ? ಈ 260 ಪದ ಮೊದಲು ಎಲ್ಲಿ ಬರೆದದ್ದು? ಪೇಸ್ಟ್ ಆದ ಪ್ಯಾರಾದ ಮುಖ್ಯ ವಾದವನ್ನು ಕನ್ನಡದಲ್ಲೂ ಹೇಳಲು ಬರದಿದ್ದರೆ, ಮೂಲ ಎಲ್ಲಿಯೂ ಸಿಗದಿದ್ದರೆ, ಆಗ ನಿಮ್ಮ ಅನುಮಾನಕ್ಕೆ ಗಟ್ಟಿ ನೆಲ ಸಿಕ್ಕಿತು. ಅದೂ ಆ ಪ್ಯಾರಾಗಳ ಮಟ್ಟಿಗೆ ಮಾತ್ರ.

ಕನ್ನಡದಲ್ಲಿ ಬರೆದು ಟ್ರಾನ್ಸ್‌ಲೇಟ್ ಮಾಡಿದೆ ಅಂದರೆ? ಆಗ ನೀವು ಕೊಟ್ಟ ಸೂಚನೆ ತೆಗೆದು ನೋಡಬೇಕು. ಟ್ರಾನ್ಸ್‌ಲೇಟ್ ಬೇಡ ಅಂತ ಹೇಳಿದ್ದಿರಾ? ಹೇಳದಿದ್ದರೆ ಶಿಕ್ಷೆ ಕೊಡಲು ಬರುವುದಿಲ್ಲ. ಇಂಗ್ಲಿಷ್ ಪೇಪರ್ ಆದ್ದರಿಂದ ಭಾಷೆಯ ಅಂಕವನ್ನು ಆ ಭಾಗಕ್ಕೆ ಹೇಗೆ ಕೊಡುವುದು ಅನ್ನುವ ಪ್ರಶ್ನೆ ಉಳಿಯುತ್ತದೆ. ಆ ಎರಡು ಭಾಗಗಳನ್ನು ಕ್ಲಾಸಿನಲ್ಲಿ ಕೂತು ಸ್ವಂತ ಇಂಗ್ಲಿಷಿನಲ್ಲಿ ಮತ್ತೆ ಬರೆಸಿ, ಅದಕ್ಕೆ ಭಾಷೆಯ ಅಂಕ ಕೊಡಿ. ವಿಚಾರದ ಅಂಕ ಮೊದಲಿನದಕ್ಕೇ ಇರಲಿ.

ಕಮಿಟಿಗೆ ಹೋದರೆ ಎರಡು ವಾದ ಬರುತ್ತವೆ. ‘ಯುಜಿಸಿ ಪ್ರಕಾರ 60 ದಾಟಿದರೆ ಲೆವೆಲ್ 3’ ಅನ್ನುತ್ತಾರೆ. ನಕಲು ತಡೆಯಲು ಯುಜಿಸಿ 2018ರಲ್ಲಿ ಮಾಡಿದ ನಿಯಮಗಳ 10, 40, 60 ಅನ್ನುವ ಹಂತಗಳು ಬೇರೆಯವರ ಬರಹದೊಂದಿಗಿನ ಹೋಲಿಕೆಗೆ ಇರುವವು. ಅಲ್ಲಿ ಮೂಲವನ್ನು ಪಕ್ಕದಲ್ಲಿಟ್ಟು ತೋರಿಸಬಹುದು. ಎಐ ಸ್ಕೋರಿಗೆ ಅಂಥ ಮೂಲವೇ ಇಲ್ಲ. ಎರಡೂ ಶೇಕಡಾ ಚಿಹ್ನೆಯಲ್ಲಿ ಬರುತ್ತವೆ ಅನ್ನುವುದು ಬಿಟ್ಟರೆ ಸಂಬಂಧವಿಲ್ಲ. ಇನ್ನೊಂದು ವಾದ, ‘ತಪ್ಪಾಗುವುದು ನೂರಕ್ಕೆ ಒಂದೇ ಅಂತ ಕಂಪನಿ ಹೇಳಿದೆ’ ಅನ್ನುವುದು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಇದೇ ಒಂದನ್ನು ಹಿಡಿದು ಲೆಕ್ಕ ಹಾಕಿತ್ತು. 2022ರಲ್ಲಿ ತಾನು ಟರ್ನಿಟಿನ್‌ಗೆ ಕೊಟ್ಟಿದ್ದ 75,000 ಬರಹಗಳಲ್ಲಿ ಸುಮಾರು 750 ತಪ್ಪಾಗಿ ಸಿಕ್ಕಿಬೀಳುತ್ತಿದ್ದವು ಅಂತ ಕಂಡು, 2023ರ ಆಗಸ್ಟ್‌ನಲ್ಲಿ ಎಐ ಡಿಟೆಕ್ಟರನ್ನೇ ಆಫ್ ಮಾಡಿತು.

ಕಮಿಟಿಗೆ ಕೊಡುವ ಟಿಪ್ಪಣಿಯಲ್ಲಿ ಮೊದಲ ಸಾಲಿಗೇ ‘ಸ್ಕೋರ್ 78’ ಅಂತ ಬರೆಯಬೇಡಿ. ಓದುವವರು ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ಹಿಸ್ಟರಿಯಲ್ಲಿ ಏನು ಕಂಡಿತು, ಯಾವ ತಾರೀಖು, ಯಾವ ಪ್ಯಾರಾ ಅಂತ ಮೊದಲು ಬರೆಯಿರಿ. ಅವಳು ಏನು ವಿವರಿಸಿದಳು, ಏನು ತೋರಿಸಿದಳು ಅನ್ನುವುದು ಆಮೇಲೆ. ಹಳೆ ಬರಹದ ಹೋಲಿಕೆ ಅದರ ನಂತರ, ಅದು ಯಾವ ಸಂದರ್ಭದಲ್ಲಿ ಬರೆದದ್ದು ಅನ್ನುವುದರ ಸಮೇತ. ಸ್ಕೋರ್ ಕೊನೆಗೆ ಇರಲಿ, ಅವಳ ಕ್ಲಾಸಿನ ಬರಹಕ್ಕೆ ಅದೇ ಡಿಟೆಕ್ಟರ್ ಎಷ್ಟು ಕೊಟ್ಟಿತು ಅನ್ನುವುದೂ ಜೊತೆಗಿರಲಿ. ಹಿಸ್ಟರಿಯೂ ಅವಳ ಮಾತೂ ಏನನ್ನೂ ಖಚಿತ ಮಾಡದಿದ್ದರೆ, ಉಳಿಯುವುದು ಆ ಸ್ಕೋರ್ ಮಾತ್ರ ಆದರೆ, ಬರಹಕ್ಕೆ ಬರಬೇಕಾದ ಅಂಕ ಕೊಟ್ಟು ಫೈಲ್ ಮುಚ್ಚಿ. ಮುಂದಿನ ಅಸೈನ್‌ಮೆಂಟಿಗೆ ಮಾತ್ರ ಇಡೀ ಕ್ಲಾಸಿಗೆ ಮೊದಲೇ ಹೇಳಿಬಿಡಿ: ಒಂದೇ ಡಾಕ್ಸ್ ಫೈಲಿನಲ್ಲಿ ಬರೆಯಬೇಕು, ನೋಟ್‌ಬುಕ್ಕಿನಲ್ಲಿ ಬರೆದವರು ಆ ಪುಟದ ಫೋಟೋ ಅದೇ ಫೈಲಿನ ಕೊನೆಗೆ ಹಾಕಬೇಕು.